ಬಸ್ಸು ಯಾರ ಮನೆ ಮುಂದೆ ನಿಲ್ಲಬೇಕು?

ಧರ್ಮಸ್ಥಳ, ಕುಕ್ಕೆಗೆ ಮಿನಿಬಸ್ ಮಾಡಿಕೊಂಡು ಹೋಗೋಣ ಎಂದು ಭಜನಾ ಮಂಡಳಿಯಲ್ಲೋ ನೆಂಟರಿಷ್ಟರಲ್ಲೋ ಮಾತು ಎದ್ದಾಗ ಮೊದಲು ಚರ್ಚೆಯಾಗುವುದು ದುಡ್ಡು, ಆಮೇಲೆ ರೂಮು, ಆಮೇಲೆ ಊಟ. ಎಲ್ಲಿ ಹತ್ತುವುದು ಎಂಬ ಪ್ರಶ್ನೆ ಹೊರಡುವ ಹಿಂದಿನ ರಾತ್ರಿಯವರೆಗೂ ಯಾರ ತಲೆಗೂ ಬರುವುದಿಲ್ಲ. ಆಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬೊಬ್ಬರದೇ ಸಂದೇಶ ಶುರುವಾಗುತ್ತದೆ: "ನಮ್ಮ ಮನೆ ಹತ್ರ ಬರುತ್ತಲ್ವಾ?" "ನಮ್ಮದು ದಾರಿಯಲ್ಲೇ ಇದೆ, ಎರಡೇ ನಿಮಿಷ." ಎಲ್ಲರಿಗೂ ಹೂಂ ಅಂದುಬಿಟ್ಟರೆ ಬೆಳಗಿನ ಜಾವ ಐದಕ್ಕೆ ಹೊರಟ ಗಾಡಿ ಏಳೂವರೆಯಾದರೂ ಬೆಂಗಳೂರು ದಾಟಿರುವುದಿಲ್ಲ. ಮೊದಲು ಹತ್ತಿದ ಅಜ್ಜಿ ಅಷ್ಟು ಹೊತ್ತಿಗೆ ಎರಡೂವರೆ ಗಂಟೆ ಕೂತು ಸೊಂಟ ಹಿಡಿದಿರುತ್ತದೆ, ಮುನ್ನೂರು ಕಿಲೋಮೀಟರ್ ದಾರಿ ಇನ್ನೂ ಹಾಗೇ ಬಾಕಿ.

ಈ ಕೆಲಸವನ್ನು ಸರಿಯಾಗಿ ಮಾಡುವ ಕ್ರಮವೊಂದಿದೆ. ಅದನ್ನು ವಿವರಿಸಲು ಬೆಂಗಳೂರಿನದೇ ಒಂದು ಗುಂಪನ್ನು ಇಟ್ಟುಕೊಳ್ಳೋಣ. ಇಪ್ಪತ್ತೆರಡು ಜನ, ಇಪ್ಪತ್ತೈದು ಸೀಟಿನ ಮಿನಿಬಸ್, ಶನಿವಾರ ಹೊರಟು ಭಾನುವಾರ ರಾತ್ರಿ ವಾಪಸ್. ಜಯನಗರ, ಬನಶಂಕರಿ ಕಡೆಯವರು ಎಂಟು ಮಂದಿ. ಕತ್ತರಿಗುಪ್ಪೆ, ಗಿರಿನಗರದವರು ಐದು. ವಿಜಯನಗರ, ನಾಗರಭಾವಿಯವರು ಐದು. ರಾಜಾಜಿನಗರ, ಮಲ್ಲೇಶ್ವರದವರು ನಾಲ್ಕು. ನಗರದ ಪಶ್ಚಿಮ ಭಾಗದಲ್ಲಿ ಹೆಚ್ಚು ಕಡಿಮೆ ಇಂಥವೇ ಗುಂಪುಗಳು ಸೇರುತ್ತವೆ.

ಲೆಕ್ಕವನ್ನು ಹೊರಡುವ ಕಡೆಯಿಂದ ಶುರು ಮಾಡಬಾರದು. ಆ ತುದಿಯ ದೇವಸ್ಥಾನದ ಬಾಗಿಲಿನಿಂದ ಶುರು ಮಾಡಬೇಕು. ಕುಕ್ಕೆಯಲ್ಲೂ ಧರ್ಮಸ್ಥಳದಲ್ಲೂ ಮಧ್ಯಾಹ್ನ ದರ್ಶನ ನಿಲ್ಲುತ್ತದೆ, ಮತ್ತೆ ತೆರೆಯುವುದು ಸಂಜೆಯ ಕಡೆಗೆ. ಮೊದಲ ದಿನ ಮಧ್ಯಾಹ್ನ ಬಾಗಿಲು ಹಾಕುವುದರೊಳಗೆ ಕುಕ್ಕೆಯಲ್ಲಿ ನಿರಾಳವಾಗಿ ದರ್ಶನ ಆಗಬೇಕಾದರೆ ಹನ್ನೊಂದಕ್ಕಾದರೂ ಅಲ್ಲಿರಬೇಕು. ತುಮಕೂರು ರಸ್ತೆ ಸೇರುವ ಗೊರಗುಂಟೆಪಾಳ್ಯದಿಂದ ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯ ಮೂಲಕ ಕುಕ್ಕೆಗೆ ಸುಮಾರು 270 ಕಿಲೋಮೀಟರ್. ಹಾಸನದವರೆಗೆ ರಸ್ತೆ ಚೆನ್ನಾಗಿದ್ದರೂ ಘಾಟಿಯನ್ನೂ ಸೇರಿಸಿಕೊಂಡು ಮಿನಿಬಸ್ಸಿಗೆ ಗಂಟೆಗೆ ಸರಾಸರಿ ಐವತ್ತು ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಹಾಗಾದರೆ ಐದೂವರೆ ಗಂಟೆ ಓಟ, ತಿಂಡಿಗೆ ಮುಕ್ಕಾಲು ಗಂಟೆ, ಇನ್ನೊಂದು ಕಡೆ ಕಾಫಿ, ಶೌಚಾಲಯಕ್ಕೆ ಇಪ್ಪತ್ತು ನಿಮಿಷ. ಒಟ್ಟು ಆರೂವರೆ ಗಂಟೆ. ಅಂದರೆ ಗೊರಗುಂಟೆಪಾಳ್ಯವನ್ನು ನಾಲ್ಕೂವರೆಗೆ ಬಿಡಬೇಕು. ಅದಕ್ಕೂ ಮೊದಲು ಮೂರು ಕಡೆ ಜನ ಹತ್ತಬೇಕಾದ್ದರಿಂದ ಬನಶಂಕರಿ ಕಡೆಯವರು ಮೂರೂವರೆಗೇ ರಸ್ತೆಯಲ್ಲಿ ನಿಂತಿರಬೇಕು, ಎರಡಕ್ಕೇ ಎದ್ದು ಸ್ನಾನ ಮುಗಿಸಿರಬೇಕು. ಡ್ರೈವರ್ ಎದ್ದಿರಬೇಕಾದ ಹೊತ್ತನ್ನು ನೀವೇ ಊಹಿಸಿಕೊಳ್ಳಿ.

ಇಲ್ಲಿ ಜನ ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು. ಒಂದು, ಅದೇ ಮೂರೂವರೆಗೆ ಒಪ್ಪಿಕೊಳ್ಳುವುದು. ಇನ್ನೊಂದು, ಹಿಂದಿನ ರಾತ್ರಿ ಹತ್ತಕ್ಕೇ ಹೊರಟುಬಿಡುವುದು. ರಾತ್ರಿ ಹೊರಟರೆ ಎರಡು ತೊಂದರೆ. ಮಿನಿಬಸ್ಸಿನ ಸೀಟಿನಲ್ಲಿ ವಯಸ್ಸಾದವರಿಗೆ ನಿದ್ದೆ ಬರುವುದಿಲ್ಲ, ಶಿರಾಡಿಯ ತಿರುವುಗಳು ಸರಿಯಾಗಿ ಡ್ರೈವರಿಗೆ ತೂಕಡಿಕೆ ಬರುವ ಹೊತ್ತಿಗೇ ಸಿಗುತ್ತವೆ. ಎರಡನೆಯದು ದುಡ್ಡಿನದು. ಬಹುತೇಕ ಟ್ರಾವೆಲ್ಸ್‌ನವರು ದಿನವನ್ನು ಎಣಿಸುವುದು ರಾತ್ರಿ ಹನ್ನೆರಡರಿಂದ ರಾತ್ರಿ ಹನ್ನೆರಡಕ್ಕೆ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟರೆ ಆ ಎರಡು ಗಂಟೆಗೂ ಒಂದು ದಿನದ ಕನಿಷ್ಠ ಕಿಲೋಮೀಟರ್ ಬಾಡಿಗೆ ಮತ್ತು ಡ್ರೈವರ್ ಬಾಟಾ ಬೀಳುತ್ತದೆ. ಎರಡು ದಿನದ ಯಾತ್ರೆಗೆ ಮೂರು ದಿನದ ಬಿಲ್ ಆಗುತ್ತದೆ.

ನಾನು ಹೇಳುವ ದಾರಿ ಮೂರನೆಯದು. ಕ್ಷೇತ್ರಗಳ ಕ್ರಮವನ್ನೇ ತಿರುಗಿಸಿಬಿಡಿ. ಮೊದಲ ದಿನ ಧರ್ಮಸ್ಥಳ, ಮಾರನೆಯ ದಿನ ಬೆಳಗ್ಗೆ ಕುಕ್ಕೆ. ಧರ್ಮಸ್ಥಳಕ್ಕೆ ಮಧ್ಯಾಹ್ನ ಒಂದರ ಸುಮಾರಿಗೆ ತಲುಪಿದರೆ ಸಾಕು. ಅನ್ನಪೂರ್ಣ ಛತ್ರದಲ್ಲಿ ಊಟ, ರೂಮಿನಲ್ಲಿ ವಿಶ್ರಾಂತಿ, ಸಂಜೆ ದರ್ಶನ. ಬೆಳಗ್ಗೆ ಎದ್ದು ಸುಮಾರು 55 ಕಿಲೋಮೀಟರ್ ದೂರದ ಕುಕ್ಕೆಗೆ ಹೋದರೆ ಮಧ್ಯಾಹ್ನದೊಳಗೆ ದರ್ಶನ, ಊಟ ಮುಗಿಯುತ್ತದೆ, ಅಲ್ಲಿಂದ ಗುಂಡ್ಯ ಮೂಲಕ ನೇರ ಬೆಂಗಳೂರು. ಓಡುವ ದೂರ ಹೆಚ್ಚು ಕಡಿಮೆ ಅಷ್ಟೇ. ಆದರೆ ಗೊರಗುಂಟೆಪಾಳ್ಯ ಬಿಡುವ ಸಮಯ ನಾಲ್ಕೂವರೆಯಿಂದ ಆರಕ್ಕೆ ಬಂತು, ಮೊದಲ ಸ್ಟಾಪಿನವರ ಸಮಯ ಐದಕ್ಕೆ ಬಂತು. ಆಶ್ಲೇಷಾ ಬಲಿಯಂಥ ಸೇವೆಗೆ ನಿಗದಿತ ಹೊತ್ತು ಹಿಡಿದವರಿದ್ದರೆ ಮಾತ್ರ ಆ ಹೊತ್ತನ್ನೇ ಆಧಾರವಾಗಿಟ್ಟುಕೊಂಡು ಇಡೀ ಲೆಕ್ಕವನ್ನು ಮತ್ತೆ ಹಿಂದಕ್ಕೆ ಹಾಕಿಕೊಂಡು ಬರಬೇಕಾಗುತ್ತದೆ.

ಸಮಯ ಗೊತ್ತಾದ ಮೇಲೆ ಜಾಗ. ಇಪ್ಪತ್ತೆರಡು ಮನೆಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ ಒಂದರಿಂದೊಂದಕ್ಕೆ ಗೆರೆ ಎಳೆಯುವುದು ಎಲ್ಲರೂ ಮಾಡುವ ಕೆಲಸ. ಅದನ್ನು ಬಿಟ್ಟು ಬಸ್ಸು ಊರಿನಿಂದ ಹೊರಬೀಳುವ ಒಂದೇ ದಾರಿಯನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು, ಜನರನ್ನು ಆ ದಾರಿಗೆ ಕರೆಸಬೇಕು. ನಮ್ಮ ಗುಂಪಿಗೆ ಆ ದಾರಿ ಹೊರವರ್ತುಲ ರಸ್ತೆ. ಬನಶಂಕರಿ ಕಡೆಯ ದೇವೇಗೌಡ ಪೆಟ್ರೋಲ್ ಬಂಕ್‌ನಿಂದ ಹಿಡಿದು ಕತ್ತರಿಗುಪ್ಪೆ, ನಾಯಂಡಹಳ್ಳಿ, ನಾಗರಭಾವಿ, ಸುಮನಹಳ್ಳಿ, ಲಗ್ಗೆರೆ ದಾಟಿ ಗೊರಗುಂಟೆಪಾಳ್ಯದವರೆಗೆ ಈ ರಸ್ತೆ ಒಂದೇ ಸಮ ಹೋಗುತ್ತದೆ. ಬಸ್ಸು ಎಲ್ಲೂ ಒಳಗೆ ತಿರುಗಬೇಕಿಲ್ಲ, ಹಿಂದಕ್ಕೆ ಬರಬೇಕಿಲ್ಲ. ಬೆಳಗಿನ ಜಾವ ಐದಕ್ಕೆ ಈ ರಸ್ತೆಯಲ್ಲಿ ಸಿಗ್ನಲ್ ಕಾಟವೂ ಕಡಿಮೆ. ಅದೇ ಬಸ್ಸು ಜಯನಗರ ನಾಲ್ಕನೇ ಬ್ಲಾಕ್, ಗಾಂಧಿ ಬಜಾರ್, ಹನುಮಂತನಗರ, ವಿಜಯನಗರ, ರಾಜಾಜಿನಗರ ಎಂದು ಊರೊಳಗೆ ಹಾದು ಹೋದರೆ ನಕ್ಷೆಯಲ್ಲಿ ದೂರ ಹೆಚ್ಚೇನೂ ಕಾಣುವುದಿಲ್ಲ, ಆದರೆ ಹೊತ್ತು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಒಮ್ಮುಖ ಸಂಚಾರ, ರಸ್ತೆಯ ಎರಡೂ ಬದಿ ನಿಂತ ಕಾರುಗಳು, ಕೆಳಗೆ ಜೋತ ಕೇಬಲ್ಲುಗಳು, ಮರದ ಕೊಂಬೆಗಳು. ಇವೆಲ್ಲ ಕಾರಿನವರಿಗೆ ಕಾಣದ ವಿಷಯ. ಚಾವಣಿಯ ಮೇಲೆ ಲಗೇಜು ಕಟ್ಟಿದ ಮಿನಿಬಸ್ಸಿಗೆ ಇವೇ ದೊಡ್ಡ ತಡೆ. ಅಡ್ಡರಸ್ತೆಯೊಳಗೆ ನುಗ್ಗಿದರೆ ಹೊರಗೆ ಬರುವಾಗ ಒಬ್ಬರು ಇಳಿದು ಹಿಂದೆ ನಿಂತು "ಬರ್ಲಿ ಬರ್ಲಿ" ಅನ್ನಬೇಕಾಗುತ್ತದೆ. ಬೆಳಗಿನ ಜಾವದ ಆ ಗದ್ದಲಕ್ಕೆ ಅಕ್ಕಪಕ್ಕದ ಮನೆಗಳ ದೀಪವೂ ಹೊತ್ತಿಕೊಳ್ಳುತ್ತದೆ.

ದಾರಿಯ ಮೇಲೆಯೇ ಇರುವ ಸ್ಟಾಪು ಬೇರೆ, ದಾರಿ ಬಿಟ್ಟು ಹೋಗಬೇಕಾದ ಸ್ಟಾಪು ಬೇರೆ. ಈ ವ್ಯತ್ಯಾಸ ಹಿಡಿದರೆ ಅರ್ಧ ಜಗಳ ಮುಗಿದಂತೆ. ಕತ್ತರಿಗುಪ್ಪೆಯ ಐವರಿಗೆ ಅವರದೇ ಸ್ಟಾಪು ಕೊಡಬಹುದು, ಏಕೆಂದರೆ ಬಸ್ಸು ಹೇಗಿದ್ದರೂ ಅಲ್ಲೇ ಹೋಗುತ್ತದೆ. ನಿಂತು, ಬ್ಯಾಗು ಹತ್ತಿಸಿ, ಜನ ಕೂತು ಹೊರಡಲು ಐದರಿಂದ ಎಂಟು ನಿಮಿಷ. "ಎರಡೇ ನಿಮಿಷ" ಎಂದು ಯಾರು ಹೇಳಿದರೂ ನಂಬಬೇಡಿ. ಮೊಣಕಾಲು ನೋವಿನ ಒಬ್ಬರು ಮಿನಿಬಸ್ಸಿನ ಎತ್ತರದ ಮೆಟ್ಟಿಲು ಹತ್ತಿ ಸೀಟು ಸೇರುವುದಕ್ಕೇ ಎರಡು ನಿಮಿಷ ಬೇಕು. ಮಲ್ಲೇಶ್ವರದ ಇಬ್ಬರ ಮಾತು ಬೇರೆ. ಅವರ ಮನೆಯ ಕಡೆ ಹೋಗಿ ಮತ್ತೆ ತುಮಕೂರು ರಸ್ತೆಗೆ ಬರಲು ಕಡಿಮೆಯೆಂದರೂ ಇಪ್ಪತ್ತೈದು ನಿಮಿಷ. ಆ ಹೊತ್ತಿಗೆ ಬಸ್ಸಿನಲ್ಲಿ ಹದಿನೆಂಟು ಜನ ಕೂತಿರುತ್ತಾರೆ. ಹದಿನೆಂಟು ಜನರ ಇಪ್ಪತ್ತೈದು ನಿಮಿಷ ಕೂಡಿಸಿದರೆ ಏಳೂವರೆ ಗಂಟೆ. ಅದೇ ಇಬ್ಬರು ಆಟೊ ಹಿಡಿದು ಗೊರಗುಂಟೆಪಾಳ್ಯಕ್ಕೆ ಬಂದರೆ ಅವರಿಬ್ಬರದೇ ಇಪ್ಪತ್ತು ನಿಮಿಷ. ಆಟೊ ಬಾಡಿಗೆ ಅವರ ಮೇಲೆ ಬೀಳುವುದು ಅನ್ಯಾಯ ಅನ್ನಿಸಿದರೆ ಗುಂಪಿನ ಲೆಕ್ಕದಿಂದಲೇ ಕೊಡಿ. ಮಿನಿಬಸ್ಸು ಸುತ್ತುವ ಡೀಸೆಲ್ಲಿಗಿಂತ ಅದು ಹೆಚ್ಚಾಗುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ.

ಶನಿವಾರವಾದ್ದರಿಂದ ಅವರಿಗೆ ಇನ್ನೊಂದು ಅನುಕೂಲವಿದೆ. ಮೆಟ್ರೊ ಹಸಿರು ಮಾರ್ಗ ಸಂಪಿಗೆ ರಸ್ತೆ, ರಾಜಾಜಿನಗರಗಳಿಂದ ನೇರ ಗೊರಗುಂಟೆಪಾಳ್ಯಕ್ಕೆ ಬರುತ್ತದೆ, ವಾರದ ದಿನಗಳಲ್ಲಿ ಬೆಳಗ್ಗೆ ಐದರ ಸುಮಾರಿಗೇ ಓಡಾಟ ಶುರು. ಭಾನುವಾರ ಹೊರಡುವ ಯಾತ್ರೆಗೆ ಇದನ್ನು ನಂಬಬೇಡಿ, ಅಂದು ಮೆಟ್ರೊ ತಡವಾಗಿ ಶುರುವಾಗುತ್ತದೆ.

ಹೀಗೆ ನಾಲ್ಕು ಸ್ಟಾಪುಗಳು ನಿಂತವು. ದೇವೇಗೌಡ ಪೆಟ್ರೋಲ್ ಬಂಕ್ 5:00, ಕತ್ತರಿಗುಪ್ಪೆ 5:12, ನಾಗರಭಾವಿ ಸರ್ಕಲ್ 5:35, ಗೊರಗುಂಟೆಪಾಳ್ಯ 6:00. ಇವು ಬಸ್ಸು ಬರುವ ಸಮಯವಲ್ಲ, ಬಿಡುವ ಸಮಯ. ಜನ ಹತ್ತು ನಿಮಿಷ ಮೊದಲೇ ಅಲ್ಲಿರಬೇಕು.

ಸ್ಟಾಪಿನ ಹೆಸರು ಗೊತ್ತು ಮಾಡಿದ ಮಾತ್ರಕ್ಕೆ ಜಾಗ ಗೊತ್ತಾದಂತಲ್ಲ. ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಬಸ್ಸು ದಕ್ಷಿಣದಿಂದ ಪಶ್ಚಿಮಕ್ಕೆ ಬಂದು ಅಲ್ಲಿಂದ ಉತ್ತರಕ್ಕೆ ಹೊರವರ್ತುಲ ರಸ್ತೆಯಲ್ಲಿ ಸಾಗುತ್ತದೆ. ನಮ್ಮಲ್ಲಿ ವಾಹನ ಓಡುವುದು ರಸ್ತೆಯ ಎಡಬದಿಯಲ್ಲಿ. ಈ ದಿಕ್ಕಿನಲ್ಲಿ ಹೋಗುವಾಗ ಬಸ್ಸಿನ ಎಡಬದಿ ಎಂದರೆ ವರ್ತುಲದ ಹೊರಬದಿ, ಊರಿಗೆ ಬೆನ್ನು ಹಾಕಿದ ಬದಿ. ಗಿರಿನಗರದವರು, ವಿಜಯನಗರದವರು ಬರುವುದು ಒಳಬದಿಯಿಂದ. ಆಟೊದವನು ಅವರನ್ನು ಒಳಬದಿಯ ಫುಟ್‌ಪಾತಿನಲ್ಲಿ ಇಳಿಸಿ ಹೋಗಿಬಿಡುತ್ತಾನೆ. ಎದುರಿಗೆ ಅಗಲವಾದ ರಸ್ತೆ, ನಡುವೆ ಡಿವೈಡರ್, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಬಿರುಸಾಗಿ ಬರುವ ಲಾರಿಗಳು. ಬಸ್ಸು ಆಚೆ ಬದಿಯಲ್ಲಿ ಹಾರ್ನ್ ಹೊಡೆಯುತ್ತಿದ್ದರೆ ಎಪ್ಪತ್ತು ವರ್ಷದವರೂ ಬ್ಯಾಗು ಹಿಡಿದು ಡಿವೈಡರ್ ದಾಟಲು ನೋಡುತ್ತಾರೆ. ಇಡೀ ಯಾತ್ರೆಯಲ್ಲಿ ಅತಿ ಅಪಾಯದ ಗಳಿಗೆ ಇದು, ಘಾಟಿಯ ತಿರುವಲ್ಲ. ಆದ್ದರಿಂದ ಯಾವ ಸ್ಟಾಪಿನಲ್ಲೂ ಬಸ್ಸು ಎಲ್ಲಿ ನಿಲ್ಲುತ್ತದೆ ಎನ್ನುವುದರ ಜೊತೆಗೆ ಆಟೊ ಯಾವ ಬದಿಯಲ್ಲಿ ಇಳಿಸಬೇಕು ಎಂಬುದನ್ನೂ ಬರೆದು ಕೊಡಬೇಕು. "ನಾಗರಭಾವಿ ಸರ್ಕಲ್ ದಾಟಿ, ಆಚೆ ಬದಿಯಲ್ಲಿ ಸುಮನಹಳ್ಳಿ ಕಡೆಗೆ ಮುಖ ಮಾಡಿ ನಿಲ್ಲಿ" ಎಂದರೆ ಆಟೊದವನಿಗೂ ಅರ್ಥವಾಗುತ್ತದೆ.

ಎರಡನೆಯ ತೊಡಕು ಮೇಲ್ಸೇತುವೆ, ಅಂಡರ್‌ಪಾಸುಗಳದು. ಸುಮನಹಳ್ಳಿಯಲ್ಲಿ ಹೊರವರ್ತುಲ ರಸ್ತೆ ಮಾಗಡಿ ರಸ್ತೆಯನ್ನು ಮೇಲ್ಸೇತುವೆಯಲ್ಲಿ ದಾಟುತ್ತದೆ. ಯಾರಾದರೂ "ನಾನು ಸುಮನಹಳ್ಳಿ ಜಂಕ್ಷನ್ನಿನಲ್ಲಿ ಹತ್ತುತ್ತೇನೆ" ಎಂದು ಕೆಳಗೆ ನಿಂತರೆ ಬಸ್ಸು ಅವರ ತಲೆಯ ಮೇಲೆಯೇ ಹೋಗಿಬಿಡುತ್ತದೆ. ತುಮಕೂರು ರಸ್ತೆಯಲ್ಲೂ ಇದೇ ಕಥೆ. ಗೊರಗುಂಟೆಪಾಳ್ಯದ ಬಳಿ ಮೇಲ್ಸೇತುವೆ ಹತ್ತಿದ ಬಸ್ಸಿಗೆ ಪೀಣ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಯಾವುದೂ ಸಿಗುವುದಿಲ್ಲ. ದಾಸರಹಳ್ಳಿಯ ಮನೆಯವರು ನಮ್ಮ ಮನೆ ಮುಂದೆಯೇ ಹೋಗುತ್ತೀರಲ್ಲ ಎನ್ನುವುದು ನಿಜವೇ, ಆದರೆ ಹೋಗುವುದು ಮೇಲಿಂದ. ಅವರೊಬ್ಬರಿಗಾಗಿ ಕೆಳಗಿನ ರಸ್ತೆ ಹಿಡಿದರೆ ಸಿಗ್ನಲ್‌ಗಳಲ್ಲಿ ಹದಿನೈದು ಇಪ್ಪತ್ತು ನಿಮಿಷ ಹೋಗುತ್ತದೆ. ಅವರು ಮೆಟ್ರೊದಲ್ಲಿ ಹಿಂದಕ್ಕೆ ಗೊರಗುಂಟೆಪಾಳ್ಯಕ್ಕೆ ಬರಲಿ, ಇಲ್ಲವೇ ಮುಂದಕ್ಕೆ ಹೋಗಿ ಸೇತುವೆ ಇಳಿದ ಮೇಲೆ ಮಾದಾವರದ ಕಡೆ ಸೇರಿಕೊಳ್ಳಲಿ. ಯಾವುದಾದರೂ ಒಂದನ್ನು ಗಟ್ಟಿ ಮಾಡಿ ಹೇಳಿಬಿಡಬೇಕು.

ಮೂರನೆಯದು, ನಿಲ್ಲುವ ಜಾಗದ ಗುಣ. ಬೆಳಕು ಬೇಕು. ಕೂರಲು ಒಂದು ಕಟ್ಟೆಯೋ ಅಂಗಡಿಯ ಜಗಲಿಯೋ ಬೇಕು. ಮಳೆ ಬಂದರೆ ತಲೆ ಮೇಲೊಂದು ಆಸರೆ ಬೇಕು. ಬಿಎಂಟಿಸಿ ಬಸ್‌ ಸ್ಟಾಪಿನ ತಂಗುದಾಣದಲ್ಲಿ ಜನ ಕಾಯಬಹುದು, ಆದರೆ ನಮ್ಮ ಬಸ್ಸು ಸ್ಟಾಪಿನ ಎದುರಿಗೇ ನಿಲ್ಲದೆ ಇಪ್ಪತ್ತು ಮೂವತ್ತು ಮೀಟರ್ ಮುಂದೆ ಹೋಗಿ ನಿಲ್ಲಬೇಕು. ಪೆಟ್ರೋಲ್ ಬಂಕಿನ ಪಕ್ಕ ಒಳ್ಳೆಯ ಜಾಗ. ರಾತ್ರಿಯಿಡೀ ದೀಪ ಇರುತ್ತದೆ, ಶೌಚಾಲಯ ಇರುತ್ತದೆ, ಎಲ್ಲರಿಗೂ ಗುರುತು ಸಿಗುತ್ತದೆ. ತಿರುವಿನಲ್ಲಿ, ಸಿಗ್ನಲ್ ದಾಟಿದ ಕೂಡಲೇ, ಸೇತುವೆಯ ಬಾಯಿಯಲ್ಲಿ ನಿಲ್ಲಿಸಲೇಬಾರದು.

ಇದನ್ನೆಲ್ಲ ಮನೆಯಲ್ಲಿ ಕೂತು ಮೊಬೈಲ್ ನಕ್ಷೆಯಲ್ಲಿ ನೋಡಿದರೆ ಸಾಲದು. ಒಂದು ವಾರ ಮೊದಲು ಅದೇ ಶನಿವಾರದ ಬೆಳಗಿನ ಜಾವ, ಅದೇ ದಿಕ್ಕಿನಲ್ಲಿ ಯಾರಾದರೊಬ್ಬರು ಸ್ಕೂಟರಿನಲ್ಲಿ ಒಮ್ಮೆ ಹೋಗಿ ಬರಬೇಕು. ಹಗಲಿನಲ್ಲಿ ಕಾಣದ ಎಷ್ಟೋ ವಿಷಯ ಆಗ ಕಾಣುತ್ತವೆ. ಬೀದಿದೀಪ ಉರಿಯದ ತುಣುಕು, ರಾತ್ರಿ ಹೊತ್ತು ಹಾಕುವ ಬ್ಯಾರಿಕೇಡ್, ಹೊಸದಾಗಿ ಅಗೆದ ರಸ್ತೆ, ಯಶವಂತಪುರದ ಎಪಿಎಂಸಿ ಕಡೆ ಸರದಿ ನಿಂತ ಲಾರಿಗಳು. ನಿಲ್ಲುವ ಜಾಗದಲ್ಲಿ ನಿಂತು ಬಸ್ಸು ಬರುವ ದಿಕ್ಕಿಗೆ ಒಂದು ಫೋಟೊ, ಎದುರಿನ ಅಂಗಡಿಯ ಬೋರ್ಡಿನದೊಂದು ಫೋಟೊ ತೆಗೆಯಿರಿ, ಅಲ್ಲೇ ನಿಂತು ಲೊಕೇಶನ್ ಪಿನ್ ಹಾಕಿಕೊಳ್ಳಿ. ಗುಂಪಿಗೆ ಕಳಿಸುವ ಸಂದೇಶ ಇಷ್ಟು ಸಾಕು:

"ಸ್ಟಾಪ್ 3, ನಾಗರಭಾವಿ ಸರ್ಕಲ್. ಸರ್ಕಲ್ ದಾಟಿದ ಮೇಲೆ ಸುಮನಹಳ್ಳಿ ಕಡೆ ಹೋಗುವ ಎಡಬದಿ, ಫೋಟೊದಲ್ಲಿರುವ ಔಷಧಿ ಅಂಗಡಿ ಮುಂದೆ. ನೀವು ಬರಬೇಕಾದ್ದು 5:25ಕ್ಕೆ, ಬಸ್ಸು ಬಿಡುವುದು 5:35ಕ್ಕೆ. ಆಟೊದವರಿಗೆ ಆಚೆ ಬದಿಗೇ ಬಿಡಲು ಹೇಳಿ, ರಸ್ತೆ ದಾಟಬೇಡಿ. ಈ ಸ್ಟಾಪಿನಲ್ಲಿ ಐದು ಜನ, ಉಸ್ತುವಾರಿ ಶಾರದಕ್ಕ. ಬಸ್ಸು ತಪ್ಪಿದರೆ ನೇರ ಗೊರಗುಂಟೆಪಾಳ್ಯಕ್ಕೆ ಬನ್ನಿ."

ಆ ಸಂದೇಶದ ಕೊನೆಯ ಎರಡು ವಾಕ್ಯಗಳ ಬಗ್ಗೆ ಹೇಳಲೇಬೇಕು. ಒಂದು, ಪ್ರತಿ ಸ್ಟಾಪಿಗೂ ಒಬ್ಬ ಉಸ್ತುವಾರಿ. ತಮ್ಮ ಸ್ಟಾಪಿನವರನ್ನು ಬೆಳಗ್ಗೆ ಫೋನ್ ಮಾಡಿ ಎಬ್ಬಿಸುವುದು, ತಲೆ ಎಣಿಸುವುದು, ಬಸ್ಸಿನಲ್ಲಿರುವ ಮುಖ್ಯಸ್ಥರಿಗೆ "ನಮ್ಮವರೆಲ್ಲ ಬಂದಾಯ್ತು" ಎಂದು ಹೇಳುವುದು ಅವರ ಕೆಲಸ. ಡ್ರೈವರಿಗೆ ಫೋನ್ ಮಾಡುವವರು ಒಬ್ಬರೇ ಇರಬೇಕು. ಇಪ್ಪತ್ತೆರಡು ಜನರ ಕೈಗೂ ಅವರ ನಂಬರ್ ಕೊಟ್ಟರೆ ಗಾಡಿ ಓಡಿಸುತ್ತಲೇ "ಎಲ್ಲಿದ್ದೀರಾ" ಎಂಬ ಪ್ರಶ್ನೆಗೆ ಹತ್ತು ಸಲ ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು, ತಪ್ಪಿಸಿಕೊಂಡವರ ದಾರಿ. ಬಸ್ಸು ಒಂದೇ ಗೆರೆಯಲ್ಲಿ ಹೋಗುವುದರ ದೊಡ್ಡ ಲಾಭ ಇದೇ. ತಡವಾದವರು ಆಟೊ ಹಿಡಿದು ಮುಂದಿನ ಸ್ಟಾಪಿನಲ್ಲಿ ಸೇರಿಕೊಳ್ಳಬಹುದು, ಏಕೆಂದರೆ ಬಸ್ಸು ನಡುವೆ ಇನ್ನೆರಡು ಕಡೆ ನಿಲ್ಲುತ್ತದೆ, ಆಟೊ ನಿಲ್ಲುವುದಿಲ್ಲ. ಗೊರಗುಂಟೆಪಾಳ್ಯವೂ ತಪ್ಪಿದರೆ ಕಡೆಯದಾಗಿ ನೆಲಮಂಗಲ. ಅದಕ್ಕೂ ಮುಂದೆ ಯಾರಿಗೂ ಕಾಯುವುದಿಲ್ಲ ಎಂದು ಮೊದಲೇ ಹೇಳಿಟ್ಟರೆ, ಒಂದು ಸ್ಟಾಪಿನಲ್ಲಿ ಐದು ನಿಮಿಷ ಕಾದು ಹೊರಡಲು ಮುಖ್ಯಸ್ಥರಿಗೂ ಧೈರ್ಯ ಬರುತ್ತದೆ. ಈ ದಾರಿ ಇಲ್ಲದಿದ್ದರೆ ಅವರನ್ನು ಬಿಟ್ಟು ಹೋಗುವುದು ಹೇಗೆ ಎಂಬ ಸಂಕೋಚದಲ್ಲಿ ಮೊದಲ ಸ್ಟಾಪಿನಲ್ಲೇ ಅರ್ಧ ಗಂಟೆ ಹೋಗುತ್ತದೆ, ಅದು ಮುಂದಿನ ಮೂರು ಸ್ಟಾಪಿನವರ ಮೇಲೂ ಬೀಳುತ್ತದೆ.

ಸೀಟು ಹಂಚಿಕೆಯೂ ಸ್ಟಾಪಿಗೆ ಸಂಬಂಧಿಸಿದ್ದೇ. ಹೇಳದೆ ಬಿಟ್ಟರೆ ಮೊದಲು ಹತ್ತಿದ ಎಂಟು ಜನ ಮುಂದಿನ ಸೀಟುಗಳಲ್ಲಿ ಕೂತುಬಿಡುತ್ತಾರೆ, ಗೊರಗುಂಟೆಪಾಳ್ಯದಲ್ಲಿ ಹತ್ತುವ ವಯಸ್ಸಾದವರಿಗೆ ಹಿಂದಿನ ಚಕ್ರದ ಮೇಲಿನ ಸೀಟು. ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಆ ಹಿಂದಿನ ಸೀಟಿನವರಿಗೇ ಮೊದಲು ಹೊಟ್ಟೆ ತೊಳಸುತ್ತದೆ. ವಾಂತಿಯ ತೊಂದರೆ ಇರುವವರು ಯಾರು, ಮಂಡಿ ಮಡಿಸಲಾಗದವರು ಯಾರು ಎಂದು ಕೇಳಿ ಅವರ ಹೆಸರನ್ನು ಮುಂದಿನ ಸೀಟುಗಳಿಗೆ ಬರೆದಿಡಬೇಕು. ಅವರು ಎಲ್ಲಿ ಹತ್ತಿದರೂ ಸರಿ, ಆ ಸೀಟು ಖಾಲಿ ಇರುತ್ತದೆ.

ಈಗ ಗಾಡಿಯ ಮಾಲೀಕರ ಜೊತೆ ಮಾತು. ಬಾಡಿಗೆಯ ಕಿಲೋಮೀಟರ್ ಎಣಿಕೆ ಸಾಮಾನ್ಯವಾಗಿ ಮೊದಲ ಪಿಕಪ್‌ನಿಂದ ಶುರುವಾಗುವುದಿಲ್ಲ, ಗಾಡಿಯ ಶೆಡ್‌ನಿಂದ ಶುರುವಾಗಿ ಶೆಡ್‌ನಲ್ಲಿ ಮುಗಿಯುತ್ತದೆ. ಆದ್ದರಿಂದ ನಿಮ್ಮ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಬುಕ್ ಮಾಡುವ ಮೊದಲೇ ಕೇಳಬೇಕು. ಮೊದಲ ಸ್ಟಾಪಿನ ಹತ್ತಿರ ಶೆಡ್ ಇರುವ ಗಾಡಿ ಸಿಕ್ಕರೆ ಖಾಲಿ ಓಟ ಉಳಿಯುತ್ತದೆ, ಡ್ರೈವರಿಗೆ ಅರ್ಧ ಗಂಟೆ ಹೆಚ್ಚು ನಿದ್ದೆಯೂ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಶೆಡ್‌ನಿಂದ ಮೊದಲ ಸ್ಟಾಪಿಗೆ 12, ನಗರದೊಳಗೆ 25, ಧರ್ಮಸ್ಥಳಕ್ಕೆ 285ರ ಸುಮಾರು, ಅಲ್ಲಿಂದ ಕುಕ್ಕೆಗೆ 55, ಕುಕ್ಕೆಯಿಂದ ಗೊರಗುಂಟೆಪಾಳ್ಯಕ್ಕೆ 270, ಮತ್ತೆ ನಗರ ಮತ್ತು ಶೆಡ್ ಸೇರಿ 37. ಒಟ್ಟು 684. ದಿನಕ್ಕೆ ಕನಿಷ್ಠ 300 ಎಂದು ಮಾತಾಗಿದ್ದರೆ ಎರಡು ದಿನಕ್ಕೆ 600, ಉಳಿದ 84 ಕಿಲೋಮೀಟರಿಗೆ ಹೆಚ್ಚುವರಿ. ಟೋಲ್, ಪಾರ್ಕಿಂಗ್, ಬಾಟಾ ಬೇರೆ. ಈ ಲೆಕ್ಕ ಮುಂಚೆಯೇ ಕೈಯಲ್ಲಿದ್ದರೆ ತಲೆಗೆ ಎಷ್ಟು ಎಂದು ಹೇಳಿದ ಮೊತ್ತ ಕೊನೆಯಲ್ಲಿ ಬದಲಾಗುವುದಿಲ್ಲ.

ಹಳದಿ ಬೋರ್ಡಿನ ಗಾಡಿಯೇ ಆಗಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂಥ ಬಾಡಿಗೆ ಬಸ್ಸು ಕಾನೂನಿನಲ್ಲಿ ಕಾಂಟ್ರ್ಯಾಕ್ಟ್ ಕ್ಯಾರೇಜ್. ಒಪ್ಪಂದದಲ್ಲಿರುವ ಗುಂಪಿನವರನ್ನು ಮಾತ್ರ ಅದು ಕರೆದೊಯ್ಯಬಹುದು, ದಾರಿಯಲ್ಲಿ ಬೇರೆಯವರನ್ನು ಹತ್ತಿಸಿಕೊಳ್ಳುವಂತಿಲ್ಲ. ಹಲವು ಕಡೆ ನಿಂತು ಜನರನ್ನು ಹತ್ತಿಸಿಕೊಳ್ಳುವ ನಮ್ಮಂಥ ಗಾಡಿಯನ್ನು ತಡೆದು ಕೇಳಿದರೆ ತೋರಿಸಲು ಹೆಸರು, ವಯಸ್ಸು, ಹತ್ತುವ ಸ್ಟಾಪು ಬರೆದ ಪಟ್ಟಿಯೊಂದು ಡ್ರೈವರ್ ಬಳಿ ಇರಲಿ. ತಲೆ ಎಣಿಸಲೂ ಅದೇ ಪಟ್ಟಿ ಸಾಕು.

ಮಳೆಗಾಲದಲ್ಲಿ ಹೊರಡುವವರು ಇನ್ನೊಂದು ದಾರಿಯನ್ನೂ ಮೊದಲೇ ಯೋಚಿಸಿಕೊಂಡಿರಬೇಕು. ಸಕಲೇಶಪುರದ ದೋಣಿಗಾಲ್‌ನಿಂದ ಕೆಳಗೆ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿಯುವುದು ಹೊಸದೇನಲ್ಲ. 2024ರ ಜುಲೈ ಮಳೆಯಲ್ಲಿ ಅಲ್ಲಿ ಸಂಚಾರವನ್ನೇ ನಿಲ್ಲಿಸಬೇಕಾಯಿತು. ಆಗ ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಹಿಡಿದು ಚಾರ್ಮಾಡಿ ಇಳಿಯಬೇಕು. ಆ ದಾರಿ ತಲುಪಿಸುವುದು ಉಜಿರೆಗೆ, ಅಲ್ಲಿಂದ ಧರ್ಮಸ್ಥಳ ಹತ್ತಿರ, ಕುಕ್ಕೆ ದೂರ. ಮೊದಲು ಧರ್ಮಸ್ಥಳ ಎಂಬ ಕ್ರಮ ಇಲ್ಲೂ ಕೈ ಹಿಡಿಯುತ್ತದೆ. ಚಾರ್ಮಾಡಿಯ ತಿರುವುಗಳು ಇಕ್ಕಟ್ಟು. ಹಾಸನದಲ್ಲಿ ತಿಂಡಿಗೆ ನಿಂತಾಗಲೇ ರಸ್ತೆ ಹೇಗಿದೆ ಎಂದು ವಿಚಾರಿಸಿ ಅಲ್ಲೇ ನಿರ್ಧರಿಸಬೇಕು. ಸಕಲೇಶಪುರದವರೆಗೆ ಹೋಗಿ ಹಿಂದಿರುಗುವುದೆಂದರೆ ಎರಡು ಗಂಟೆ ದಂಡ.

ವಾಪಸ್ ಬರುವ ದಾರಿಯನ್ನು ಬಹುತೇಕ ಯಾರೂ ಯೋಚಿಸುವುದಿಲ್ಲ. ಹೋದ ಹಾಗೇ ಬಂದರಾಯಿತು ಎಂದುಕೊಳ್ಳುತ್ತಾರೆ. ಆದರೆ ಹೋದ ಹಾಗೇ ಬಂದರೆ ಮೊದಲು ಹತ್ತಿದ ಬನಶಂಕರಿಯವರೇ ಕೊನೆಗೆ ಇಳಿಯುತ್ತಾರೆ. ಶನಿವಾರ ಎಲ್ಲರಿಗಿಂತ ಮೊದಲು ಎದ್ದವರು ಭಾನುವಾರ ಎಲ್ಲರಿಗಿಂತ ತಡವಾಗಿ ಮಲಗುತ್ತಾರೆ, ಎರಡೂ ಕಡೆಯ ಭಾರ ಒಬ್ಬರ ಮೇಲೇ. ಅದೂ ಭಾನುವಾರ ಸಂಜೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಊರಿಗೆ ಮರಳುವ ವಾಹನಗಳ ಸಾಲು ಇರುವಂಥ ಹೊತ್ತು. ಕುಕ್ಕೆಯನ್ನು ಮಧ್ಯಾಹ್ನ ಒಂದಕ್ಕೆ ಬಿಟ್ಟ ಬಸ್ಸು ರಾತ್ರಿ ಎಂಟರ ಆಸುಪಾಸಿಗೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಇದಕ್ಕೆ ಎರಡು ಪರಿಹಾರ. ಮಾದಾವರದಲ್ಲಿ ಮೆಟ್ರೊ ಹಸಿರು ಮಾರ್ಗ ಕೊನೆಯಾಗುತ್ತದೆ. 2024ರ ನವೆಂಬರಿನಲ್ಲಿ ನಾಗಸಂದ್ರದಿಂದ ಅಲ್ಲಿಯವರೆಗೆ ಮಾರ್ಗ ತೆರೆದ ಮೇಲೆ ತುಮಕೂರು ರಸ್ತೆಯಲ್ಲಿ ಬರುವ ಯಾತ್ರೆಯ ಬಸ್ಸುಗಳಿಗೆ ದೊಡ್ಡ ಅನುಕೂಲವಾಗಿದೆ. ಕೈಯಲ್ಲಿ ಒಂದೇ ಬ್ಯಾಗು ಇರುವ, ನಡೆಯಲು ತೊಂದರೆಯಿಲ್ಲದ ಮಲ್ಲೇಶ್ವರ, ರಾಜಾಜಿನಗರ, ಜಯನಗರ, ಬನಶಂಕರಿಯವರೆಲ್ಲ ಅಲ್ಲೇ ಇಳಿದು ಒಂದೇ ರೈಲಿನಲ್ಲಿ ತಂತಮ್ಮ ನಿಲ್ದಾಣ ಸೇರಬಹುದು. ಕೆಳಗೆ ಬಸ್ಸು ತೆವಳುತ್ತಿರುವಾಗ ಅವರು ಮೇಲೆ ಮುಂದೆ ಹೋಗಿರುತ್ತಾರೆ. ಬಸ್ಸಿನಲ್ಲಿ ಉಳಿಯುವವರು ವಯಸ್ಸಾದವರು, ಹೆಚ್ಚು ಲಗೇಜಿನವರು ಮತ್ತು ಮೆಟ್ರೊ ದೂರವಾಗುವ ಕತ್ತರಿಗುಪ್ಪೆ, ನಾಗರಭಾವಿಯವರು ಮಾತ್ರ.

ಎರಡನೆಯ ಪರಿಹಾರ ನೈಸ್ ರಸ್ತೆ. ತುಮಕೂರು ರಸ್ತೆಯಿಂದಲೇ ಅದನ್ನು ಹಿಡಿದು ಕನಕಪುರ ರಸ್ತೆಯಲ್ಲಿ ಇಳಿದರೆ ಬನಶಂಕರಿಯವರು ಮೊದಲು ಮನೆ ಸೇರುತ್ತಾರೆ, ಆಮೇಲೆ ಹೊರವರ್ತುಲದಲ್ಲಿ ಕತ್ತರಿಗುಪ್ಪೆ, ನಾಗರಭಾವಿ ಎಂದು ಬಸ್ಸು ಉಳಿದವರನ್ನು ಇಳಿಸಿಕೊಂಡು ಬರುತ್ತದೆ. ಟೋಲ್ ಹೆಚ್ಚುವರಿ ಕೊಡಬೇಕು, ಒಂದಿಷ್ಟು ಕಿಲೋಮೀಟರ್ ಜಾಸ್ತಿಯಾಗುತ್ತದೆ. ಗುಂಪಿನಲ್ಲಿ ವಯಸ್ಸಾದವರೆಲ್ಲ ಬನಶಂಕರಿ ಕಡೆಯವರೇ ಆಗಿದ್ದರೆ ನಾನು ಇದನ್ನೇ ಆರಿಸುತ್ತೇನೆ, ಇಲ್ಲದಿದ್ದರೆ ಮೆಟ್ರೊ. ಯಾವುದಾದರೂ ಸರಿ, ಹೊರಡುವ ಮೊದಲೇ ಮಾಲೀಕರಿಗೂ ಡ್ರೈವರಿಗೂ ಹೇಳಿ ಒಪ್ಪಿಸಿರಬೇಕು. ರಾತ್ರಿ ಎಂಟಕ್ಕೆ ದಣಿದ ಡ್ರೈವರಿಗೆ ಹೊಸ ದಾರಿ ಹೇಳುವುದು ಅವರಿಗೂ ಹಿಂಸೆ, ನಮಗೂ ಜಗಳ.

ವಾಪಸ್ ಬರುವಾಗ ಬೆಳಗಿನ ನಿಯಮ ಒಂದನ್ನು ಮಾತ್ರ ಸಡಿಲಿಸಬೇಕು. ರಾತ್ರಿ ಹತ್ತರ ಮೇಲೆ ಒಬ್ಬಂಟಿ ಹೆಂಗಸನ್ನೋ ವಯಸ್ಸಾದ ದಂಪತಿಯನ್ನೋ ಮುಖ್ಯರಸ್ತೆಯಲ್ಲಿ ಇಳಿಸಿ ಆಟೊ ಹುಡುಕಿಕೊಳ್ಳಿ ಎನ್ನಬಾರದು. ಆಗ ಬಸ್ಸಿನಲ್ಲಿ ಉಳಿದವರು ಏಳೆಂಟು ಜನ, ಕಾಯುವವರ ಲೆಕ್ಕ ಬೆಳಗಿನ ಹಾಗಿರುವುದಿಲ್ಲ. ಗಾಡಿ ತಿರುಗುವಷ್ಟು ಅಗಲದ ರಸ್ತೆಯಿದ್ದರೆ ಮನೆಯ ಹತ್ತಿರಕ್ಕೇ ಹೋಗಲಿ. ಇಲ್ಲದಿದ್ದರೆ ಇನ್ನು ಅರ್ಧ ಗಂಟೆ ಇರುವಾಗಲೇ ಮನೆಯವರಿಗೆ ಫೋನ್ ಮಾಡಿ ಸ್ಟಾಪಿಗೆ ಬರಹೇಳಿ, ಅವರು ಬರುವವರೆಗೆ ಬಸ್ಸು ಅಲ್ಲೇ ನಿಲ್ಲಲಿ.

ಕೊನೆಯವರು ಇಳಿದ ಮೇಲೆ ಸೀಟಿನ ಕೆಳಗೆ, ಮೇಲಿನ ಕ್ಯಾರಿಯರ್‌ನಲ್ಲಿ ಒಮ್ಮೆ ಟಾರ್ಚ್ ಹಾಕಿ ನೋಡಿ. ಪ್ರಸಾದದ ಚೀಲ, ಚಾರ್ಜರ್, ಕನ್ನಡಕ ಒಂದಾದರೂ ಸಿಗುತ್ತದೆ. ಹೊರಡುವಾಗ ತೆಗೆದಿಟ್ಟುಕೊಂಡ ಮೀಟರಿನ ಫೋಟೊ ಪಕ್ಕ ಈಗಿನ ರೀಡಿಂಗ್ ಇಟ್ಟು, ಶೆಡ್‌ಗೆ ಹೋಗುವ 12 ಕಿಲೋಮೀಟರ್ ಸೇರಿಸಿ, ಟೋಲ್ ಮೊತ್ತ ನೋಡಿ ಟ್ರಿಪ್ ಶೀಟಿಗೆ ಸಹಿ ಹಾಕಿ. ಡ್ರೈವರ್ ಬಾಟಾವನ್ನು ಮಾಲೀಕರಿಗೆ ಕಳಿಸುವ ಹಣದಲ್ಲಿ ಸೇರಿಸದೆ ಅಲ್ಲೇ ಅವರ ಕೈಗೇ ಕೊಡುವುದಾಗಿ ಮೊದಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು.